ಅಥೆಂಟಿಕೇಟರ್ ಕೋಡ್ ‘ತಪ್ಪು’ ಅಂತ ಬರ್ತಿದೆಯಾ? ಮೊದಲು ಫೋನಿನ ಗಡಿಯಾರ ನೋಡಿ

“ಆ್ಯಪ್‌ನಲ್ಲಿ ಕಾಣುವ ಆರು ಅಂಕಿಯನ್ನೇ ಹಾಕ್ತಿದ್ದೀನಿ, ಆದರೂ Invalid code ಅಂತಿದೆ. ಏನು ಮಾಡ್ಲಿ?” ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಇಂಥ ಪ್ರಶ್ನೆ ಕೇಳಿದವರಲ್ಲಿ ಹಲವರ ಪಾಸ್‌ವರ್ಡ್ ಸರಿ ಇರುತ್ತದೆ, ಆ್ಯಪ್ ಸರಿ ಇರುತ್ತದೆ, ಖಾತೆಯೂ ಸರಿ ಇರುತ್ತದೆ. ಕೆಟ್ಟಿರುವುದು ಫೋನಿನ ಸಮಯ ಮಾತ್ರ. ಅದನ್ನು ಪತ್ತೆ ಮಾಡುವುದು ಹೇಗೆ, ಸರಿಪಡಿಸುವುದು ಹೇಗೆ ಅಂತ ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ಇದು ಎಸ್‌ಎಂಎಸ್‌ನಲ್ಲಿ ಬರುವ ಒಟಿಪಿಯ ಮಾತಲ್ಲ. ಎಸ್‌ಎಂಎಸ್ ಒಟಿಪಿಯನ್ನು ಬ್ಯಾಂಕಿನವರು ತಯಾರಿಸಿ ಕಳಿಸುತ್ತಾರೆ, ಅದಕ್ಕೂ ನಿಮ್ಮ ಫೋನಿನ ಗಡಿಯಾರಕ್ಕೂ ಸಂಬಂಧವಿಲ್ಲ. ನಾನು ಹೇಳುತ್ತಿರುವುದು ಗೂಗಲ್ ಅಥೆಂಟಿಕೇಟರ್, ಮೈಕ್ರೋಸಾಫ್ಟ್ ಅಥೆಂಟಿಕೇಟರ್, ಏಜಿಸ್‌ನಂಥ ಆ್ಯಪ್‌ಗಳಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಕೋಡ್ ಬಗ್ಗೆ. ಇದನ್ನು ಟಿಒಟಿಪಿ ಅಂತಾರೆ, ಅಂದರೆ ಸಮಯದ ಲೆಕ್ಕದಲ್ಲಿ ಹುಟ್ಟುವ ಒಂದು ಸಲದ ಕೋಡ್.

ಸಮಯ ತಪ್ಪಿದರೆ ಕೋಡ್ ಯಾಕೆ ತಪ್ಪುತ್ತದೆ?

ಖಾತೆ ಜೋಡಿಸುವಾಗ ನೀವು ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿರುತ್ತೀರಿ ಅಲ್ವಾ? ಅದರೊಳಗೆ ಒಂದು ಗುಟ್ಟಿನ ಕೀಲಿ ಇರುತ್ತದೆ. ಅದೇ ಕೀಲಿ ಸೇವೆ ಕೊಡುವವರ ಸರ್ವರ್‌ನಲ್ಲೂ ಇರುತ್ತದೆ. ಆಮೇಲೆ ಎರಡರ ನಡುವೆ ಮಾತುಕತೆಯೇ ಇಲ್ಲ. ಫೋನ್ ತನ್ನ ಪಾಡಿಗೆ ಕೀಲಿ ಮತ್ತು ಈಗಿನ ಸಮಯ ಸೇರಿಸಿ ಕೋಡ್ ಮಾಡುತ್ತದೆ, ಸರ್ವರ್ ತನ್ನ ಪಾಡಿಗೆ ಮಾಡುತ್ತದೆ. ಎರಡೂ ಒಂದೇ ಬಂದರೆ ಬಾಗಿಲು ತೆರೆಯುತ್ತದೆ. ಫೋನಿನಲ್ಲಿ ನೆಟ್ ಇಲ್ಲದಿದ್ದರೂ ಕೋಡ್ ಬರುವುದು ಇದರಿಂದಲೇ.

ಎರಡು ಮನೆಯಲ್ಲಿ ಒಂದೇ ಪಂಚಾಂಗ ಇದೆ ಅಂದುಕೊಳ್ಳಿ. ಒಬ್ಬರು ಇವತ್ತಿನ ಪುಟ ತೆರೆದು, ಇನ್ನೊಬ್ಬರು ನಾಳೆಯ ಪುಟ ತೆರೆದು ತಿಥಿ ಹೇಳಿದರೆ ಹೊಂದುವುದಿಲ್ಲ. ಪಂಚಾಂಗದ್ದು ತಪ್ಪಲ್ಲ, ತೆರೆದ ಪುಟ ಬೇರೆ.

ಇಲ್ಲಿ ಒಂದೊಂದು ‘ಪುಟ’ 30 ಸೆಕೆಂಡಿನದು. ಲೆಕ್ಕ 1970ರ ಜನವರಿ 1ರಿಂದ ಶುರುವಾಗುತ್ತದೆ. ಅಂದಿನಿಂದ ಇಂದಿನವರೆಗೆ ಎಷ್ಟು ಸೆಕೆಂಡ್ ಆಗಿದೆ ಅಂತ ಎಣಿಸಿ, ಅದನ್ನು 30ರಿಂದ ಭಾಗಿಸಿದರೆ ಪುಟದ ಸಂಖ್ಯೆ ಸಿಗುತ್ತದೆ. ಉದಾಹರಣೆಗೆ 2025ರ ಜನವರಿ 15ರಂದು ಭಾರತದ ಸಮಯ ಬೆಳಿಗ್ಗೆ ಸರಿಯಾಗಿ 10 ಗಂಟೆಗೆ:

```
1736915400 / 30 = 57897180
```

ಆ ಹೊತ್ತಿಗೆ ಸರ್ವರ್ 57897180ನೇ ಪುಟದ ಕೋಡ್ ಎದುರು ನೋಡುತ್ತಿರುತ್ತದೆ. ನಾವು ಟೈಪ್ ಮಾಡುವಾಗ ಸ್ವಲ್ಪ ತಡವಾಗುತ್ತದೆ ಅಂತ ಅದಕ್ಕೂ ಗೊತ್ತು. ಹಾಗಾಗಿ ಹಿಂದಿನ ಒಂದು ಪುಟವನ್ನು, ಎಷ್ಟೋ ಕಡೆ ಮುಂದಿನ ಒಂದು ಪುಟವನ್ನೂ ಒಪ್ಪಿಕೊಳ್ಳುತ್ತದೆ. 2011ರಲ್ಲಿ ಬಂದ ಟಿಒಟಿಪಿ ನಿಯಮಾವಳಿ, ಆರ್‌ಎಫ್‌ಸಿ 6238, ತಡಕ್ಕೆ ಒಂದು ಪುಟಕ್ಕಿಂತ ಜಾಸ್ತಿ ರಿಯಾಯಿತಿ ಬೇಡ ಅಂತಲೇ ಸಲಹೆ ಕೊಡುತ್ತದೆ. ಕೆಲವು ಸೇವೆಗಳು ಇನ್ನೂ ಉದಾರವಾಗಿರುತ್ತವೆ, ಆದರೆ ಅದನ್ನು ನಂಬಿ ಕೂರಬೇಡಿ. ಗಡಿಯಾರ ಒಂದು ನಿಮಿಷ ಆಚೀಚೆ ಆದರೂ ಕೋಡ್ ತಿರಸ್ಕಾರವಾಗಬಹುದು ಅಂತಲೇ ಲೆಕ್ಕ ಹಾಕಿ.

ಹಂತ 1: ಮೊದಲು ಕೈ ನಿಲ್ಲಿಸಿ

ಕೋಡ್ ಒಪ್ಪದಿದ್ದಾಗ ತಲೆಬಿಸಿಯಲ್ಲಿ ಜನ ಮಾಡುವ ಎರಡು ಕೆಲಸಗಳಿವೆ. ಎರಡೂ ಬೇಡ.

ಒಂದು, ಮತ್ತೆ ಮತ್ತೆ ಹೊಸ ಕೋಡ್ ಹಾಕುತ್ತಾ ಹೋಗುವುದು. ಗಡಿಯಾರ ತಪ್ಪಿದ್ದರೆ ಹತ್ತನೇ ಕೋಡೂ ತಪ್ಪೇ. ಅಷ್ಟರಲ್ಲಿ ಸರ್ವರ್ ‘ಯಾರೋ ಊಹೆ ಹೊಡೆಯುತ್ತಿದ್ದಾರೆ’ ಅಂದುಕೊಂಡು ಖಾತೆಯನ್ನು ಸ್ವಲ್ಪ ಹೊತ್ತು ಬೀಗ ಹಾಕಬಹುದು. ಆಮೇಲೆ ಸರಿಯಾದ ಕೋಡ್ ಹಾಕಿದರೂ ಒಳಗೆ ಬಿಡುವುದಿಲ್ಲ. ಗಡಿಯಾರ ಸರಿಮಾಡಿದರೂ ಪ್ರಯೋಜನ ಆಗಲಿಲ್ಲವಲ್ಲ ಅಂತ ನೀವು ದಾರಿ ತಪ್ಪುತ್ತೀರಿ.

ಎರಡನೆಯದು ಇನ್ನೂ ಅಪಾಯ. ಆ್ಯಪ್‌ನಿಂದ ಆ ಖಾತೆಯನ್ನು ಅಳಿಸಿ ‘ಮತ್ತೆ ಸೇರಿಸೋಣ’ ಅನ್ನುವುದು, ಇಲ್ಲವೇ ಆ್ಯಪನ್ನೇ ತೆಗೆದು ಹಾಕುವುದು. ಅಳಿಸಿದರೆ ಗುಟ್ಟಿನ ಕೀಲಿ ಹೋಯಿತು. ಮತ್ತೆ ಸೇರಿಸಲು ಹೊಸ ಕ್ಯೂಆರ್ ಬೇಕು, ಕ್ಯೂಆರ್ ತೋರಿಸಲು ಖಾತೆಯೊಳಗೆ ಹೋಗಬೇಕು, ಒಳಗೆ ಹೋಗಲು ಕೋಡ್ ಬೇಕು. ಅಲ್ಲಿಗೆ ನೀವು ಪೂರ್ತಿ ಹೊರಗೆ. ಗಡಿಯಾರ ತಪ್ಪಿದ್ದಕ್ಕೆ ಕೀಲಿಗೆ ಏನೂ ಆಗಿರುವುದಿಲ್ಲ, ಅದನ್ನು ಮುಟ್ಟಲೇಬೇಡಿ. ಖಾತೆ ಜೋಡಿಸಿದ ದಿನ ಸಮಯ ತಪ್ಪಿದ್ದರೂ ಚಿಂತೆಯಿಲ್ಲ, ಯಾಕೆಂದರೆ ಕ್ಯೂಆರ್‌ನೊಳಗೆ ಸಮಯ ಇರುವುದಿಲ್ಲ.

ತುರ್ತಾಗಿ ಒಳಗೆ ಹೋಗಲೇಬೇಕಾ? ಖಾತೆ ಜೋಡಿಸುವಾಗ ಬರೆದಿಟ್ಟುಕೊಂಡ ಬ್ಯಾಕಪ್ ಕೋಡ್ ಇದ್ದರೆ ಅದನ್ನು ಹಾಕಿ. ಗೂಗಲ್ ಖಾತೆಗೆ ಒಂದು ಸಲಕ್ಕೆ ಇಂಥ 10 ಕೋಡ್ ಸಿಗುತ್ತವೆ, ಒಂದೊಂದನ್ನು ಒಂದೇ ಸಲ ಬಳಸಬಹುದು. ಅವುಗಳಿಗೆ ಸಮಯದ ಹಂಗಿಲ್ಲ.

ಹಂತ 2: ತಪ್ಪು ಗಡಿಯಾರದ್ದೇ ಅಂತ ಖಾತ್ರಿ ಮಾಡಿಕೊಳ್ಳಿ

ಆ್ಯಪ್‌ನಲ್ಲಿ ಬೇರೆ ಖಾತೆಗಳೂ ಇವೆಯಾ? ಇನ್ನೊಂದಕ್ಕೆ ಲಾಗಿನ್ ಆಗಿ ನೋಡಿ. ಎಲ್ಲದರ ಕೋಡೂ ತಿರಸ್ಕಾರವಾದರೆ ಗಡಿಯಾರದ ಮೇಲೆ ಅನುಮಾನ ಪಡಿ. ಒಂದೇ ಒಂದು ಖಾತೆ ಹಟ ಮಾಡುತ್ತಿದ್ದು ಉಳಿದವು ಸಲೀಸಾಗಿ ತೆರೆಯುತ್ತಿದ್ದರೆ ಕಾರಣ ಹೆಚ್ಚಾಗಿ ಬೇರೆಯೇ, ಅದನ್ನು ಹಂತ 7ರಲ್ಲಿ ನೋಡೋಣ.

ಈಗ ಗಡಿಯಾರ ಅಳೆಯೋಣ. ಆ್ಯಪ್ ಇರುವ ಅದೇ ಫೋನಿನ ಬ್ರೌಸರ್‌ನಲ್ಲಿ `time.is` ತೆರೆಯಿರಿ. ಫೋನಿನ ಸಮಯ ನಿಜವಾದ ಸಮಯಕ್ಕಿಂತ ಎಷ್ಟು ಮುಂದಿದೆ ಅಥವಾ ಹಿಂದಿದೆ ಅಂತ ಅದು ಮೇಲ್ಭಾಗದಲ್ಲೇ ಹೇಳುತ್ತದೆ. `ahead` ಅಂದರೆ ಮುಂದೆ, `behind` ಅಂದರೆ ಹಿಂದೆ. ಒಂದೆರಡು ಸೆಕೆಂಡ್ ವ್ಯತ್ಯಾಸ ಇದ್ದರೆ ಗಡಿಯಾರ ನಿರ್ದೋಷಿ. 30 ಸೆಕೆಂಡ್ ದಾಟಿದ್ದರೆ ಅಪರಾಧಿ ಸಿಕ್ಕಿತು.

ಗೋಡೆ ಗಡಿಯಾರ ನೋಡಿ ‘ನನ್ನ ಫೋನೂ ಹತ್ತು ಗಂಟೆ ಐದು ನಿಮಿಷವೇ ತೋರಿಸ್ತಿದೆ’ ಅಂತ ಬಿಡಬೇಡಿ. ಫೋನಿನ ಪರದೆಯಲ್ಲಿ ಸೆಕೆಂಡ್ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ: ಪರದೆಯ ಸಮಯ ಸೆಕೆಂಡಿನವರೆಗೆ ಸರಿಯಿದ್ದೂ ಕೋಡ್ ತಪ್ಪಬಹುದು. ಅದು ಹಂತ 4ರಲ್ಲಿ ಬರುತ್ತದೆ.

ದಿನಾಂಕವೇ ತಪ್ಪಿ ಹೋಗಿದ್ದರೆ ವೆಬ್‌ಸೈಟ್ ತೆರೆಯುವುದೇ ಕಷ್ಟ. ಕ್ರೋಮ್‌ನಲ್ಲಿ `Your clock is behind` ಅಥವಾ `Your clock is ahead` ಅಂತ ಎಚ್ಚರಿಕೆ ಬರುತ್ತದೆ. ಬಂದರೆ ಇನ್ನು ಅಳೆಯುವ ಕೆಲಸವೇ ಇಲ್ಲ, ನೇರವಾಗಿ ಹಂತ 3ಕ್ಕೆ ಹೋಗಿ.

*ಒಮ್ಮೆ ಹಿಡಿಯುತ್ತೆ, ಒಮ್ಮೆ ಹಿಡಿಯಲ್ಲ ಅನ್ನುವವರಿಗೆ*

ಇದು ಬಹಳ ಜನರನ್ನು ಗೊಂದಲಕ್ಕೆ ಹಾಕುವ ಲಕ್ಷಣ. ‘ಗಡಿಯಾರ ತಪ್ಪಿದ್ದರೆ ಯಾವಾಗಲೂ ತಪ್ಪಬೇಕಲ್ವಾ, ಬೆಳಿಗ್ಗೆ ಲಾಗಿನ್ ಆಯ್ತಲ್ಲ’ ಅನ್ನುತ್ತಾರೆ. ಆಗಬಹುದು. ಸರ್ವರ್ ಹಿಂದೊಂದು ಮುಂದೊಂದು ಪುಟ ಒಪ್ಪುತ್ತದೆ, ನಿಮ್ಮ ಫೋನ್ 45 ಸೆಕೆಂಡ್ ಹಿಂದಿದೆ ಅಂತ ಇಟ್ಟುಕೊಳ್ಳಿ. ಆಗ ಹೊಸ ಕೋಡ್ ಪರದೆಗೆ ಬಂದ ಮೊದಲ 15 ಸೆಕೆಂಡ್ ಮಾತ್ರ ಅದು ನಡೆಯುತ್ತದೆ. ಉಳಿದ 15 ಸೆಕೆಂಡ್ ಅದು ಆ್ಯಪ್‌ನಲ್ಲಿ ಕಾಣುತ್ತಿದ್ದರೂ ಸರ್ವರ್ ಪಾಲಿಗೆ ಹಳಸಲು. ಬೇಗ ಟೈಪ್ ಮಾಡಿದ ದಿನ ಗೆದ್ದಿರಿ, ನಿಧಾನ ಮಾಡಿದ ದಿನ ಸೋತಿರಿ.

ಫೋನ್ 45 ಸೆಕೆಂಡ್ ಮುಂದಿದ್ದರೆ ಇದೇ ತಿರುಗುಮುರುಗು. ಹೊಸದಾಗಿ ಬಂದ ಕೋಡನ್ನು ಆತುರದಲ್ಲಿ ಹಾಕಿದರೆ ತಪ್ಪು ಅನ್ನುತ್ತದೆ. ಅದೇ ಕೋಡ್ ಇನ್ನೇನು ಬದಲಾಗುವ ಹೊತ್ತಿಗೆ ಹಾಕಿದರೆ ಸರಿ ಅನ್ನುತ್ತದೆ. ಹಾಗಾಗಿ ನಿಮ್ಮ ಅನುಭವವೇ ಒಂದು ಸುಳಿವು. ಹೊಸ ಕೋಡ್ ಮಾತ್ರ ನಡೆಯುತ್ತಿದ್ದರೆ ಫೋನ್ ಹಿಂದಿದೆ, ಕೊನೆಯ ಗಳಿಗೆಯಲ್ಲಿ ಮಾತ್ರ ನಡೆಯುತ್ತಿದ್ದರೆ ಮುಂದಿದೆ. ವ್ಯತ್ಯಾಸ ಒಂದು ನಿಮಿಷ ದಾಟಿದ ಮೇಲೆ ಈ ಅದೃಷ್ಟವೂ ಇರುವುದಿಲ್ಲ.

ಹಂತ 3: ಸಮಯವನ್ನು ಆಟೊಮ್ಯಾಟಿಕ್ ಮಾಡಿ

ಬಹುತೇಕರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ. ಮೊದಲು ಫೋನಿಗೆ ವೈಫೈ ಅಥವಾ ಮೊಬೈಲ್ ಡೇಟಾ ಇರುವಂತೆ ನೋಡಿಕೊಳ್ಳಿ. ಕೋಡ್ ಹುಟ್ಟಲು ನೆಟ್ ಬೇಡ, ಆದರೆ ಗಡಿಯಾರ ತಿದ್ದಿಕೊಳ್ಳಲು ಬೇಕು.

*ಆಂಡ್ರಾಯ್ಡ್ ಫೋನ್:* ಸೆಟ್ಟಿಂಗ್ಸ್ ತೆರೆದು `System`, ಅದರೊಳಗೆ `Date & time`ಗೆ ಹೋಗಿ. ಸ್ಯಾಮ್‌ಸಂಗ್‌ನಲ್ಲಿ ಇದು `General management` ಒಳಗಿದೆ, ಶಿಯೋಮಿ ಫೋನ್‌ಗಳಲ್ಲಿ `Additional settings` ಒಳಗೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕು ಜಾಗದಲ್ಲಿ `date` ಅಂತ ಟೈಪ್ ಮಾಡಿ, ಸುಮ್ನೆ ಅಲೆಯುವುದು ತಪ್ಪುತ್ತದೆ. ಅಲ್ಲಿ `Set time automatically` ಅಥವಾ `Automatic date and time` ಅನ್ನುವ ಸ್ವಿಚ್ ಇರುತ್ತದೆ. ಆಫ್ ಇದ್ದರೆ ಆನ್ ಮಾಡಿ. ಅದರ ಕೆಳಗಿನ ಟೈಮ್ ಝೋನ್ ಸ್ವಿಚ್ಚನ್ನೂ ಆನ್ ಮಾಡಿ.

*ಐಫೋನ್:* `Settings`, ನಂತರ `General`, ನಂತರ `Date & Time`. ಅಲ್ಲಿ `Set Automatically` ಆನ್ ಮಾಡಿ. ಈ ಸ್ವಿಚ್ ಮಂಕಾಗಿದ್ದು ಒತ್ತಲು ಬರದಿದ್ದರೆ ಫೋನಿನಲ್ಲಿ `Screen Time` ನಿರ್ಬಂಧ ಹಾಕಿರಬಹುದು, ಇಲ್ಲವೇ ಆಫೀಸಿನವರು ಫೋನನ್ನು ತಮ್ಮ ಹಿಡಿತದಲ್ಲಿ ಇಟ್ಟಿರಬಹುದು. ಮಕ್ಕಳು ಬಳಸುವ ಫೋನ್‌ಗಳಲ್ಲಿ ಮೊದಲನೆಯದನ್ನು ನೋಡಿ.

ಸ್ವಿಚ್ ಆಗಲೇ ಆನ್ ಇದೆ, ಆದರೂ ಸಮಯ ತಪ್ಪಾ? ಹಾಗೂ ಆಗುತ್ತದೆ. ಒಮ್ಮೆ ಆಫ್ ಮಾಡಿ, ನಾಲ್ಕು ಸೆಕೆಂಡ್ ಬಿಟ್ಟು ಆನ್ ಮಾಡಿ. ಆಗಲೂ ಬದಲಾಗದಿದ್ದರೆ ವೈಫೈ ಆನ್ ಇಟ್ಟುಕೊಂಡೇ ಫೋನ್ ರೀಸ್ಟಾರ್ಟ್ ಮಾಡಿ. ಮೊಬೈಲ್ ಟವರೂ ಫೋನಿಗೆ ಸಮಯ ಹೇಳುತ್ತದೆ. ಆ ಟವರ್ ತಪ್ಪು ಹೇಳುತ್ತಿದೆ ಅನ್ನುವ ಅನುಮಾನ ಬಂದರೆ ಏರೋಪ್ಲೇನ್ ಮೋಡ್ ಹಾಕಿ, ವೈಫೈ ಮಾತ್ರ ಆನ್ ಮಾಡಿ, ಮತ್ತೆ ಸ್ವಿಚ್ ಆಫ್-ಆನ್ ಮಾಡಿ ನೋಡಿ.

ಮುಗಿದ ಮೇಲೆ ಮತ್ತೊಮ್ಮೆ `time.is`. ವ್ಯತ್ಯಾಸ ಒಂದೆರಡು ಸೆಕೆಂಡಿಗೆ ಇಳಿದಿದ್ದರೆ ಹಂತ 6ಕ್ಕೆ ಹೋಗಿ.

ಬಸ್ಸು ತಪ್ಪಬಾರದು ಅಂತ ಫೋನಿನ ಗಡಿಯಾರವನ್ನೇ ಹತ್ತು ನಿಮಿಷ ಫಾಸ್ಟ್ ಇಡುವವರು ನಮ್ಮಲ್ಲಿ ಕಮ್ಮಿ ಇಲ್ಲ. ಆ ಹತ್ತು ನಿಮಿಷ ಅಂದರೆ 20 ಪುಟ. ಫಾಸ್ಟ್ ಗಡಿಯಾರ ಬೇಕೇ ಬೇಕು ಅಂದರೆ ಗೋಡೆಯದನ್ನೋ ಕೈಯದನ್ನೋ ಫಾಸ್ಟ್ ಇಡಿ, ಫೋನಿನದನ್ನಲ್ಲ. ಆಟದಲ್ಲಿ ಬೇಗ ‘ಲೈಫ್’ ಸಿಗಲಿ ಅಂತ ಮಕ್ಕಳು ದಿನಾಂಕ ಮುಂದೆ ಹಾಕಿ ಹಾಗೇ ಬಿಟ್ಟಿರುವುದೂ ಉಂಟು. ಫೋನ್ ಮನೆಯಲ್ಲಿ ಕೈ ಬದಲಾಗುತ್ತಿದ್ದರೆ ಇದನ್ನೂ ವಿಚಾರಿಸಿ.

ಹಂತ 4: ಟೈಮ್ ಝೋನ್ ಬಲೆ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಗಲ್ಫ್‌ನಿಂದ ರಜೆಗೆ ಊರಿಗೆ ಬಂದವರು, ಅಮೆರಿಕದಿಂದ ಬಂದವರು ಇದರಲ್ಲೇ ಸಿಕ್ಕಿಬೀಳುತ್ತಾರೆ. ಪರದೆಯಲ್ಲಿ ಸಮಯ ಸರಿಯಾಗಿಯೇ ಕಾಣುವುದರಿಂದ ಗಡಿಯಾರದ ಮೇಲೆ ಅನುಮಾನವೇ ಬರುವುದಿಲ್ಲ.

ಕೋಡ್ ಲೆಕ್ಕಕ್ಕೆ ಫೋನ್ ಬಳಸುವುದು ಪರದೆಯ ಮೇಲಿನ ಸಮಯವನ್ನಲ್ಲ. ಅದು ಒಳಗೊಳಗೆ ಯುಟಿಸಿ ಅನ್ನುವ ಸಮಯ ಇಟ್ಟುಕೊಂಡಿರುತ್ತದೆ. ಜಗತ್ತಿಗೆಲ್ಲ ಒಂದೇ ಆದ ಸಮಯ ಅದು. ನಿಮ್ಮ ಊರಿನ ಝೋನ್ ಎಷ್ಟೋ ಅಷ್ಟನ್ನು ಅದಕ್ಕೆ ಕೂಡಿಸಿ ಪರದೆಯಲ್ಲಿ ತೋರಿಸುತ್ತದೆ. ಭಾರತಕ್ಕೆ ಐದೂವರೆ ಗಂಟೆ ಕೂಡಿಸಬೇಕು, ದುಬೈಗೆ ನಾಲ್ಕು ಗಂಟೆ.

ಈಗ ದುಬೈಯಿಂದ ಮಂಗಳೂರಿಗೆ ಬಂದವರೊಬ್ಬರ ಫೋನ್ ನೋಡೋಣ. ಆಟೊಮ್ಯಾಟಿಕ್ ಸ್ವಿಚ್ ಎರಡೂ ಆಫ್ ಇವೆ. ಇಲ್ಲಿ ಬೆಳಿಗ್ಗೆ 10 ಗಂಟೆ, ಫೋನ್ ದುಬೈಯ ಎಂಟೂವರೆ ತೋರಿಸುತ್ತಿದೆ. ಅವರು ಸೆಟ್ಟಿಂಗ್ಸ್‌ಗೆ ಹೋಗಿ ಒಂದೂವರೆ ಗಂಟೆ ಮುಂದೆ ಹಾಕುತ್ತಾರೆ. ಝೋನ್ ಮುಟ್ಟುವುದಿಲ್ಲ. ಪರದೆಯಲ್ಲಿ 10 ಬಂತು, ಎಲ್ಲ ಸರಿ ಅನ್ನಿಸುತ್ತದೆ.

ಫೋನಿನ ಒಳಗೆ ಏನಾಯಿತು? ‘ದುಬೈಯಲ್ಲಿ 10 ಗಂಟೆ ಅಂದರೆ ಯುಟಿಸಿ 6 ಗಂಟೆ’ ಅಂತ ಅದು ಲೆಕ್ಕ ಹಾಕುತ್ತದೆ. ನಿಜವಾದ ಯುಟಿಸಿ ಇನ್ನೂ ನಾಲ್ಕೂವರೆ. ಫೋನ್ ಈಗ 5400 ಸೆಕೆಂಡ್ ಮುಂದಿದೆ, ಅಂದರೆ 180 ಪುಟ. ಹಿಂದಿನ ಉದಾಹರಣೆಯ ದಿನವನ್ನೇ ತೆಗೆದುಕೊಂಡರೆ:

```
ಸರ್ವರ್:  57897180
ಫೋನ್:   57897360
```

ಯಾವ ಸರ್ವರೂ ಇಷ್ಟು ದೂರದ ಕೋಡನ್ನು ಒಪ್ಪುವುದಿಲ್ಲ. ತಮಾಷೆ ಏನೆಂದರೆ, ಸಮಯ ಮುಟ್ಟದೆ ದುಬೈ ಸಮಯದಲ್ಲೇ ಬಿಟ್ಟಿದ್ದರೆ ಕೋಡ್ ಸರಿಯಾಗಿಯೇ ಬರುತ್ತಿತ್ತು. ಕೆಡಿಸಿದ್ದು ಆ ‘ಸರಿಪಡಿಸಿದ’ ಒಂದೂವರೆ ಗಂಟೆ.

ಪತ್ತೆ ಮಾಡುವುದು ಸುಲಭ. ಪರದೆಯ ಸಮಯ ಸರಿ ಇದ್ದೂ `time.is` ಗಂಟೆಗಟ್ಟಲೆ ವ್ಯತ್ಯಾಸ ಹೇಳುತ್ತಿದ್ದರೆ ಇದೇ ಬಲೆ. `Date & time` ಪುಟದಲ್ಲಿ ಝೋನ್ ಯಾವುದಿದೆ ನೋಡಿ. ಭಾರತದಲ್ಲಿದ್ದರೆ `GMT+05:30` ಇರಬೇಕು. ದುಬೈ ಹಾಗೇ ಉಳಿದಿದ್ದರೆ `GMT+04:00` ಕಾಣುತ್ತದೆ.

ಎರಡೂ ಸ್ವಿಚ್ ಆಟೊಮ್ಯಾಟಿಕ್ ಮಾಡಿದರೆ ಮುಗಿಯಿತು. ಕೈಯಲ್ಲೇ ಮಾಡಬೇಕಾಗಿ ಬಂದರೆ ಮೊದಲು ಝೋನ್, ಆಮೇಲೆ ಸಮಯ. ಝೋನ್ ಬದಲಿಸಿದ ಕೂಡಲೇ ಪರದೆಯ ಸಮಯ ಹನ್ನೊಂದೂವರೆಗೆ ಹಾರುತ್ತದೆ. ಇಲ್ಲಿ ಹೆದರಿ ಝೋನ್ ವಾಪಸ್ ಹಾಕುವವರಿದ್ದಾರೆ. ಹಾಕಬೇಡಿ. ಅದು ಒಳಗಿದ್ದ ತಪ್ಪು ಹೊರಗೆ ಕಂಡದ್ದು ಅಷ್ಟೆ. ಈಗ ಸಮಯವನ್ನು 10ಕ್ಕೆ ಇಳಿಸಿ.

ಐಫೋನ್‌ನಲ್ಲಿ ಆಟೊಮ್ಯಾಟಿಕ್ ಇದ್ದೂ ಝೋನ್ ಹಳೆಯ ಊರಲ್ಲೇ ನಿಂತಿದ್ದರೆ `Privacy & Security`, `Location Services`, `System Services` ಒಳಗೆ `Setting Time Zone` ಆನ್ ಇದೆಯಾ ನೋಡಿ.

ಹಂತ 5: ಸಿಮ್ ಇಲ್ಲದ ಹಳೆಯ ಫೋನಿನಲ್ಲಿ ಆ್ಯಪ್ ಇಟ್ಟವರಿಗೆ

ಕೋಡ್‌ಗಳೆಲ್ಲ ಒಂದು ಹಳೆಯ ಫೋನಿನಲ್ಲಿರಲಿ, ಅದಕ್ಕೆ ನೆಟ್ಟೇ ಬೇಡ ಅಂತ ಬೀರುವಿನಲ್ಲಿ ಇಡುವವರಿದ್ದಾರೆ. ಸುರಕ್ಷತೆಗೆ ಒಳ್ಳೆಯ ಯೋಚನೆಯೇ. ಆದರೆ ಆ ಫೋನಿಗೆ ಸಮಯ ಹೇಳುವವರು ಯಾರೂ ಇಲ್ಲ, ಟವರೂ ಇಲ್ಲ, ವೈಫೈಯೂ ಇಲ್ಲ. ಒಳಗಿನ ಕ್ವಾರ್ಟ್ಸ್ ಹರಳಿನ ಲೆಕ್ಕವೇ ಗತಿ.

ಸಾಮಾನ್ಯ ಕ್ವಾರ್ಟ್ಸ್ ಹರಳು ಹತ್ತು ಲಕ್ಷ ಸೆಕೆಂಡಿಗೆ ಸುಮಾರು 20 ಸೆಕೆಂಡಿನಷ್ಟು ಆಚೀಚೆ ಆಗಬಹುದು. ದಿನಕ್ಕೆ ಒಂದೂ ಮುಕ್ಕಾಲು ಸೆಕೆಂಡ್ ಹತ್ತಿರ. ಕೇಳಲು ಏನೂ ಅಲ್ಲ. ಆದರೆ ಎರಡು ತಿಂಗಳು ಹಾಗೇ ಬಿಟ್ಟರೆ 104 ಸೆಕೆಂಡ್ ಆಗುತ್ತದೆ. ಬಿಸಿಲು ಚಳಿಗೂ ಹರಳಿನ ಓಟ ಸ್ವಲ್ಪ ಬದಲಾಗುವುದರಿಂದ ಇದಕ್ಕಿಂತ ಕಮ್ಮಿಯೂ ಆಗಬಹುದು, ಜಾಸ್ತಿಯೂ ಆಗಬಹುದು.

ಅಂಥ ಫೋನ್ 104 ಸೆಕೆಂಡ್ ಹಿಂದೆ ಬಿದ್ದಿದ್ದರೆ, ಸರ್ವರ್ 57897180ರಲ್ಲಿರುವಾಗ ಫೋನ್ 57897176ರ ಕೋಡ್ ಕೊಡುತ್ತಿರುತ್ತದೆ. ಸರ್ವರ್ 79, 80, 81 ಮಾತ್ರ ಒಪ್ಪುವುದಾದರೆ ತಿರಸ್ಕಾರ ಖಚಿತ. ಇದಕ್ಕೂ ಮೊದಲು, ಒಂದು ತಿಂಗಳ ಹೊತ್ತಿಗೆ, ‘ಬೇಗ ಹಾಕಿದರೆ ಮಾತ್ರ ನಡೆಯುತ್ತೆ’ ಅನ್ನುವ ಲಕ್ಷಣ ಶುರುವಾಗಿರುತ್ತದೆ. ಅಲ್ಲೇ ಎಚ್ಚೆತ್ತುಕೊಂಡರೆ ಒಳ್ಳೆಯದು.

ಪರಿಹಾರ: ತಿಂಗಳಿಗೊಮ್ಮೆ ಆ ಫೋನನ್ನು ಮನೆಯ ವೈಫೈಗೆ ಸೇರಿಸಿ, ಆಟೊಮ್ಯಾಟಿಕ್ ಸ್ವಿಚ್ ಆಫ್-ಆನ್ ಮಾಡಿ, `time.is` ನೋಡಿ, ಮತ್ತೆ ನೆಟ್ ತೆಗೆಯಿರಿ. ಬ್ಯಾಟರಿ ಪೂರ್ತಿ ಇಳಿದು ಆಫ್ ಆಗಿ ಬಹಳ ದಿನ ಬಿದ್ದಿದ್ದ ಫೋನಾದರೆ ದಿನಾಂಕವೇ ಎಲ್ಲೋ ಹಿಂದಕ್ಕೆ ಹೋಗಿರಬಹುದು. ಅದನ್ನು ಆನ್ ಮಾಡಿದ ತಕ್ಷಣ ಕೋಡ್ ಹಾಕಲು ಹೋಗಬೇಡಿ.

*ನೆಟ್ ಕೊಡಲೇಬಾರದು ಅನ್ನುವವರು* ಕೈಯಲ್ಲೇ ಸಮಯ ಹೊಂದಿಸಬಹುದು. ಆಂಡ್ರಾಯ್ಡ್‌ನಲ್ಲಿ ಸೆಕೆಂಡ್ ಹಾಕಲು ಜಾಗವಿಲ್ಲ, ಆದರೆ ನೀವು `OK` ಒತ್ತಿದ ಗಳಿಗೆಗೆ ಸೆಕೆಂಡ್ ಸೊನ್ನೆ ಆಗುತ್ತದೆ. ಅದನ್ನೇ ಬಳಸಿಕೊಳ್ಳಿ. ಇನ್ನೊಂದು ಫೋನಿನಲ್ಲಿ `time.is` ತೆರೆದಿಡಿ. ಅದು 10:04:40 ತೋರಿಸುವಾಗ ಹಳೆಯ ಫೋನಿನಲ್ಲಿ 10:05 ಆರಿಸಿ, ಬೆರಳನ್ನು `OK` ಮೇಲೆ ಹಿಡಿದು ಕಾಯಿರಿ. ಅಲ್ಲಿ 10:05:00 ಆದ ಕೂಡಲೇ ಒತ್ತಿ. ಒಂದು ಸೆಕೆಂಡ್ ತಪ್ಪಿದರೂ ಪರವಾಗಿಲ್ಲ. ಝೋನ್ `GMT+05:30` ಇದೆ ಅಂತ ಇದಕ್ಕೂ ಮೊದಲೇ ನೋಡಿಕೊಂಡಿರಿ.

ಹಂತ 6: ಈಗ ಕೋಡ್ ಹಾಕಿ, ಆದರೆ ಹೀಗೆ

ಗಡಿಯಾರ ಸರಿಯಾದ ಮೇಲೆ ಅಥೆಂಟಿಕೇಟರ್ ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಪರದೆಯಲ್ಲಿರುವ ಕೋಡ್ ಬಿಡಿ, ಅದು ಬದಲಾಗಿ ಹೊಸದು ಬರುವವರೆಗೆ ಕಾಯಿರಿ. ಹೊಸ ಕೋಡ್ ಬಂದ ಮೇಲೆ ನಿಧಾನಿಸದೆ ಹಾಕಿ. ಒಮ್ಮೆ ಸರಿ ಅಂತ ಒಪ್ಪಿದ ಕೋಡನ್ನು ಸರ್ವರ್ ಎರಡನೇ ಸಲ ಒಪ್ಪಬಾರದು ಅಂತ ನಿಯಮವಿದೆ. ಹಾಗಾಗಿ ಎರಡು ಕಡೆ ಲಾಗಿನ್ ಆಗಬೇಕಿದ್ದರೆ ಎರಡಕ್ಕೂ ಬೇರೆ ಬೇರೆ ಕೋಡ್ ಬೇಕು.

ಮೊದಲೇ ಬಹಳ ಸಲ ತಪ್ಪು ಕೋಡ್ ಹಾಕಿದ್ದರೆ ಲಾಗಿನ್ ಪುಟ ಏನು ಹೇಳುತ್ತದೆ ಗಮನಿಸಿ ಓದಿ. `Too many attempts` ಅಂತ ಇದ್ದರೆ ಅದು ಬೀಗದ ಮಾತು, ಕೋಡಿನ ಮಾತಲ್ಲ. ಕಾಯುವುದೊಂದೇ ದಾರಿ.

ಗೂಗಲ್ ಅಥೆಂಟಿಕೇಟರ್‌ನ ಹಳೆಯ ಆಂಡ್ರಾಯ್ಡ್ ಆವೃತ್ತಿಗಳಲ್ಲಿ `Time correction for codes` ಅಂತ ಒಂದು ಆಯ್ಕೆ, ಅದರೊಳಗೆ `Sync now` ಇದೆ. ನಿಮ್ಮ ಆ್ಯಪ್‌ನಲ್ಲಿ ಕಂಡರೆ ಒತ್ತಬಹುದು. ಆದರೆ ಅದು ತಿದ್ದುವುದು ಆ ಆ್ಯಪ್‌ನೊಳಗಿನ ಲೆಕ್ಕವನ್ನು ಮಾತ್ರ. ಫೋನಿನ ಗಡಿಯಾರ ಹಾಗೇ ತಪ್ಪಾಗಿ ಉಳಿಯುತ್ತದೆ, ಇನ್ನೊಂದು ಆ್ಯಪ್‌ನ ಕೋಡ್ ಆಗಲೂ ನಡೆಯುವುದಿಲ್ಲ. ನನ್ನ ಪ್ರಕಾರ ಗಡಿಯಾರವನ್ನೇ ತಿದ್ದುವುದು ಮೇಲು.

ಹಂತ 7: ಗಡಿಯಾರ ಸರಿ ಇದ್ದೂ ಕೋಡ್ ತಪ್ಪು ಅಂದರೆ

`time.is` ವ್ಯತ್ಯಾಸ ಇಲ್ಲ ಅಂದಿದೆ, ಝೋನ್ ಸರಿಯಿದೆ, ಬೇರೆ ಖಾತೆಗಳು ತೆರೆಯುತ್ತಿವೆ. ಆಗ ಒಂದೇ ಹೆಸರಿನ ಎರಡು ಸಾಲು ಆ್ಯಪ್‌ನಲ್ಲಿವೆಯಾ ನೋಡಿ. ಯಾವಾಗಲೋ ಎರಡನೇ ಸಲ ಕ್ಯೂಆರ್ ಸ್ಕ್ಯಾನ್ ಮಾಡಿದ್ದರೆ ಹಳೆಯ ಸಾಲೂ ಉಳಿದಿರುತ್ತದೆ, ಅದರ ಕೀಲಿ ಈಗ ಸತ್ತಿರುತ್ತದೆ. ಇನ್ನೊಂದು ಸಾಲಿನ ಕೋಡ್ ಹಾಕಿ ನೋಡಿ. ಯಾವುದು ಜೀವಂತ ಅಂತ ಲಾಗಿನ್ ಆಗಿ ತಿಳಿಯುವವರೆಗೆ ಯಾವುದನ್ನೂ ಅಳಿಸಬೇಡಿ.

ಕೋಡ್ ಫೋನಿನ ಬದಲು ಕಂಪ್ಯೂಟರಿನ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಬರುತ್ತಿದ್ದರೆ ಅಳೆಯಬೇಕಾದ್ದು ಕಂಪ್ಯೂಟರಿನ ಗಡಿಯಾರ. ವಿಂಡೋಸ್‌ನಲ್ಲಿ `Time & language` ಒಳಗೆ `Date & time`, ಅಲ್ಲಿ `Sync now`. ಒಂದೇ ಕಂಪ್ಯೂಟರ್‌ನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದವರಿಗೆ ಸಮಯ ಸರಿಯಾಗಿ ಐದೂವರೆ ಗಂಟೆ ತಪ್ಪುವುದು ಹಳೆಯ ಕಾಯಿಲೆ. ಯಂತ್ರದೊಳಗಿನ ಗಡಿಯಾರವನ್ನು ಒಂದು ಭಾರತದ ಸಮಯ ಅಂತ ಓದುತ್ತದೆ, ಇನ್ನೊಂದು ಯುಟಿಸಿ ಅಂತ ಓದುತ್ತದೆ.

ಕೊನೆಯದಾಗಿ, ಗಡಿಯಾರ ತಪ್ಪಿರುವುದು ಆ ಕಡೆಯೂ ಇರಬಹುದು. ದೊಡ್ಡ ಸೇವೆಗಳಲ್ಲಿ ಇದು ಅಪರೂಪ. ಆದರೆ ಆಫೀಸಿನ ಒಳಗಿನ ಸರ್ವರ್, ಮನೆಯಲ್ಲಿ ನೀವೇ ನಡೆಸುವ ಸರ್ವರ್‌ಗಳಲ್ಲಿ ಆಗುತ್ತದೆ. ಸುಳಿವು ಏನೆಂದರೆ, ಆ ಒಂದು ಸೇವೆಗೆ ಮಾತ್ರ ಎಲ್ಲ ಸಹೋದ್ಯೋಗಿಗಳ ಕೋಡೂ ಒಟ್ಟಿಗೆ ತಪ್ಪಲು ಶುರುವಾಗುತ್ತದೆ. ಲಿನಕ್ಸ್ ಸರ್ವರ್ ನಿಮ್ಮ ಕೈಯಲ್ಲೇ ಇದ್ದರೆ ಮೊದಲು ಇದನ್ನು ಕೊಡಿ:

```
timedatectl
```

ಉತ್ತರದಲ್ಲಿ `System clock synchronized: yes` ಇರಬೇಕು. `no` ಇದ್ದರೆ:

```
sudo timedatectl set-ntp true
```

ಎಸ್‌ಎಸ್‌ಎಚ್ ಲಾಗಿನ್‌ಗೆ ಗೂಗಲ್ ಅಥೆಂಟಿಕೇಟರ್ ಪ್ಯಾಮ್ ಮಾಡ್ಯೂಲ್ ಹಾಕಿಕೊಂಡವರಿಗೆ ಒಂದು ಮಾತು. ಅದು ಮಾಮೂಲಾಗಿ ಮೂರು ಕೋಡ್ ಒಪ್ಪುತ್ತದೆ: ಹಿಂದಿನದು, ಈಗಿನದು, ಮುಂದಿನದು. ಜೋಡಿಸುವಾಗ ಕೇಳುವ ಪ್ರಶ್ನೆಗೆ ಹೂಂ ಅಂದರೆ ಇದನ್ನು 17 ಕೋಡ್‌ಗೆ, ಅಂದರೆ ಸುಮಾರು ನಾಲ್ಕು ನಿಮಿಷದ ವ್ಯತ್ಯಾಸದವರೆಗೆ ಹಿಗ್ಗಿಸುತ್ತದೆ. ಹಾಗೆ ಮಾಡಿದರೆ ತಪ್ಪಿದ ಗಡಿಯಾರದ ಕೋಡೂ ನಡೆಯುತ್ತದೆ, ಆದರೆ ಯಾವ ಹೊತ್ತಿನಲ್ಲೂ ಊಹಿಸುವವನಿಗೆ ಮೂರರ ಬದಲು 17 ಸರಿಯುತ್ತರ ಕೊಟ್ಟಂತೆ. ಸರ್ವರ್ ಗಡಿಯಾರಕ್ಕೆ ಎನ್‌ಟಿಪಿ ಹಾಕಿ, ಈ ಕಿಟಕಿಯನ್ನು ಮೂರರಲ್ಲೇ ಬಿಡಿ.